ಜಮೀನು ಪತ್ರ, ಅಂಟು ಆಲ್ಬಂ, ಒಂದು ದೊಡ್ಡ ನಕ್ಷೆ: ಸ್ಕ್ಯಾನ್ ಕೆಲಸ ಒಪ್ಪಿಕೊಂಡಿದ್ದೇನೆ, ಸಲಹೆ ಬೇಕು

ಪೆಟ್ಟಿಗೆಕೆಲಸ

ಹಳೇ ಫೋಟೋ, ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿಕೊಡುವ ಕೆಲಸ ಈಗಷ್ಟೇ ಶುರು ಮಾಡಿದ್ದೇನೆ. ಒಂದು ಮನೆಯವರು ಪೆಟ್ಟಿಗೆ ಸಮೇತ ಒಪ್ಪಿಸಲು ತಯಾರಿದ್ದಾರೆ. ಅದರಲ್ಲಿ ಇರುವುದಿಷ್ಟು: ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೋ ಅಂಟಿಸುವ ಥರದ ಒಂದು ಆಲ್ಬಂ, ಸುಮಾರು 140 ಫೋಟೋ. ಕ್ರಯಪತ್ರ, ವಿಭಾಗಪತ್ರ ಅಂತ 30 ಹಾಳೆ. ಎಲ್ಲಾ ನಾಲ್ಕು ಮಡಿಕೆ, ಕೆಲವು ಎ4ಗಿಂತ ಉದ್ದ, ನೇರಳೆ ಮೊಹರುಗಳಿವೆ. ಮತ್ತೆ ಎ2 ಅಳತೆಯ ಒಂದು ಜಮೀನು ನಕ್ಷೆ.

ನನ್ನ ಹತ್ತಿರ ಇರುವುದು ಯುಎಸ್‌ಬಿ ಕೇಬಲ್ಲಿನ ಕರೆಂಟಿನಲ್ಲೇ ನಡೆಯುವ ತೆಳು ಫ್ಲಾಟ್‌ಬೆಡ್, ಫೀಡರ್ ಇರುವ ಒಂದು ಪ್ರಿಂಟರ್, ಫೋನು. ಒಂದು ಪತ್ರ ಇಟ್ಟು ನೋಡಿದೆ, ಮಡಿಕೆ ಬಂದ ಕಡೆ ಅಕ್ಷರ ಮಸುಕಾಗುತ್ತಿದೆ. ಡಿಪಿಐ ಎಷ್ಟಿಡಬೇಕು? ಮಡಿಕೆಗೆ ಏನು ಮಾಡಬೇಕು? ದರ ಪುಟಕ್ಕೆ ಹೇಳಬೇಕೋ, ಗಂಟೆಗೋ?

ರಘು_ಜೆರಾಕ್ಸ್

ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೋಬೇಡಿ. ಪತ್ರಗಳನ್ನ ಚೆನ್ನಾಗಿ ಬಿಡಿಸಿ ಫೀಡರಿಗೆ ಹಾಕಿ, ಕಪ್ಪು-ಬಿಳುಪು ಮೋಡ್, 200 ಡಿಪಿಐ. ಅಕ್ಷರ ಕಡೆದಿಟ್ಟ ಹಾಗೆ ಬರುತ್ತೆ, ಫೈಲೂ ಸಣ್ಣದು, 30 ಹಾಳೆ ಐದು ನಿಮಿಷದ ಕೆಲಸ. ಫೋಟೋಗೆ ಮಾತ್ರ 1200 ಇಡಿ, ಜಾಸ್ತಿ ಇದ್ದಷ್ಟೂ ಒಳ್ಳೇದು. ದರ ಪುಟಕ್ಕೆ ಹೇಳಿ, ಜನಕ್ಕೆ ಅರ್ಥ ಆಗೋದು ಅದೊಂದೇ.

ದಾಖಲೆಖಾನೆ

ರಘು ಅವರೇ, ನೀವು ಹೇಳಿದ್ದು ಹೊಸ ಕಾಗದಕ್ಕೆ ಸರಿ. ನಾಲ್ಕು ಮಡಿಕೆಯ ಹಳೇ ಪತ್ರವನ್ನು ಫೀಡರಿಗೆ ಕೊಟ್ಟರೆ ರೋಲರ್ ಮೊದಲು ಹಿಡಿಯುವುದೇ ಸವೆದ ಮಡಿಕೆಯನ್ನು, ಅಲ್ಲೇ ಹರಿಯುತ್ತದೆ. ಹರಿದ ಮೇಲೆ ಆ ಮನೆಯವರಿಗೆ ಹೇಳಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಅದೂ ಅಲ್ಲದೆ ಫೀಡರಿನ ಕೆಳಗಿನ ಕಿರಿದಾದ ಗಾಜಿನ ಮೇಲೆ ಒಂದು ಧೂಳಿನ ಕಣ ಕೂತರೆ ಪ್ರತಿ ಪುಟದಲ್ಲೂ ಮೇಲಿಂದ ಕೆಳಗೆ ಒಂದೇ ಜಾಗದಲ್ಲಿ ಗೆರೆ ಬರುತ್ತದೆ. ಅಂಥ ಗೆರೆ ಕಂಡರೆ ಕಾರಣ ಕಾಗದವಲ್ಲ, ಗಾಜು.

ಇನ್ನು ಮಸುಕಿನ ವಿಷಯ. ಯುಎಸ್‌ಬಿ ಕರೆಂಟಿನಲ್ಲಿ ನಡೆಯುವ ತೆಳು ಸ್ಕ್ಯಾನರ್‌ಗಳಲ್ಲಿ ಇರುವುದು ಸಿಐಎಸ್ ಸೆನ್ಸರ್. ಅದು ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತದೆ. ಕಾಗದ ಒಂದು ಮಿಲಿಮೀಟರ್ ಮೇಲೆದ್ದರೂ ಮಸುಕು. ಕನ್ನಡಿ, ಲೆನ್ಸ್ ಇರುವ ದಪ್ಪನೆಯ ಸಿಸಿಡಿ ಸ್ಕ್ಯಾನರ್ ಆದರೆ ಕೆಲವು ಮಿಲಿಮೀಟರ್ ಎತ್ತರದವರೆಗೂ ಓದುತ್ತದೆ. ನಿಮ್ಮದನ್ನು ಪರೀಕ್ಷಿಸಬೇಕಾದರೆ ಒಂದು ಅಳತೆಪಟ್ಟಿಯನ್ನು ಗಾಜಿನ ಮೇಲೆ ಮುಖ ಕೆಳಗಾಗಿ ಇಟ್ಟು, ಒಂದು ತುದಿಯ ಕೆಳಗೆ ನಾಣ್ಯ ಸೇರಿಸಿ ಸ್ಕ್ಯಾನ್ ಮಾಡಿ. ಪಟ್ಟಿಯ ಗೆರೆಗಳು ಎಲ್ಲಿಂದ ಮಸುಕಾಗುತ್ತವೆ ನೋಡಿದರೆ ಸಾಕು. ಜಮೀನು ಪತ್ರಗಳ ಕೆಲಸ ಮುಂದೆಯೂ ಮಾಡುವುದಾದರೆ ಮೊದಲು ಕೊಳ್ಳಬೇಕಾದ್ದು ಹಳೆಯದಾದರೂ ಸರಿ, ಒಂದು ಸಿಸಿಡಿ ಯಂತ್ರ.

ಮಡಿಕೆಯನ್ನು ಗಾಜಿನ ಮೇಲೆಯೇ ಒತ್ತಿ ನೇರ ಮಾಡಲು ಹೋಗಬೇಡಿ. ಹಿಂದಿನ ರಾತ್ರಿ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ಭಾರದ ಪುಸ್ತಕಗಳನ್ನು ಹೇರಿ. ಬೆಳಗಾಗುವಷ್ಟರಲ್ಲಿ ಸಾಕಷ್ಟು ತಗ್ಗಿರುತ್ತದೆ. ಇಸ್ತ್ರಿಪೆಟ್ಟಿಗೆ, ಆವಿ ಯಾವುದೂ ಬೇಡ. ನೇರಳೆ ಮೊಹರಿನ ಶಾಯಿ, ಹಳೇ ಕಾಪಿಯಿಂಗ್ ಪೆನ್ಸಿಲಿನ ಬರಹ ತೇವ ತಗುಲಿದರೆ ಹರಡುತ್ತವೆ, ಮತ್ತೆ ಸರಿಹೋಗುವುದಿಲ್ಲ. ಮಡಿಕೆ ಆಗಲೇ ಬಿರಿದಿದ್ದರೆ ಭಾರವನ್ನೂ ಹೇರಬೇಡಿ, ಮೇಲಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಹಿಂದೆ ಯಾರೋ ಹಚ್ಚಿದ ಟೇಪು ಇದ್ದರೆ ಇದ್ದಲ್ಲೇ ಇರಲಿ.

ಮೋಡ್ ಯಾವಾಗಲೂ ಬಣ್ಣದ್ದೇ, 300 ಡಿಪಿಐ. ಕಪ್ಪು-ಬಿಳುಪಿನಲ್ಲಿ ಯಂತ್ರ ಪ್ರತಿ ಚುಕ್ಕೆಗೂ ಕಪ್ಪೋ ಬಿಳಿಯೋ ಅಂತ ಒಂದು ತೀರ್ಮಾನ ಮಾಡುತ್ತದೆ. ಮಾಸಿದ ಸಹಿ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಷರಾ, ಮೊಹರಿನ ಅರ್ಧ, ಎಲ್ಲಾ ಬಿಳಿಯ ಕಡೆ ಹೋಗಿ ಮಾಯವಾಗುತ್ತವೆ. ಹಾಳೆಯ ಎರಡೂ ಕಡೆ ಬರಹವಿದ್ದು ಹಿಂದಿನದು ಮುಂದೆ ಇಣುಕುತ್ತಿದ್ದರೆ ಹಾಳೆಯ ಬೆನ್ನಿಗೆ ಕಪ್ಪು ಕಾಗದ ಇಡಿ, ಇಣುಕುವುದು ಬಹಳ ಕಡಿಮೆಯಾಗುತ್ತದೆ. ಹುಳು ತಿಂದ ತೂತುಗಳೂ ಕಪ್ಪಾಗಿ ಕಾಣುವುದರಿಂದ ಅದು ತೂತು, ಚುಕ್ಕೆಯಲ್ಲ ಅಂತ ಗೊತ್ತಾಗುತ್ತದೆ.

ರಘು_ಜೆರಾಕ್ಸ್

ಫೀಡರ್ ವಿಷಯ ಒಪ್ಪಿದೆ ಸರ್. ಆದರೆ ಬಣ್ಣದಲ್ಲಿ ಒಂದು ಹಾಳೆಗೆ ಎಷ್ಟು ಜಾಗ ಹಿಡಿಯುತ್ತೆ ನೋಡಿ. ಆಮೇಲೆ ಗಿರಾಕಿಗಳು ಮೆಸೇಜಿನಲ್ಲಿ ಕಳಿಸೋಕೆ ಆಗಲ್ಲ ಅಂತ ವಾಪಸ್ ಬರ್ತಾರೆ. ಪಿಡಿಎಫ್ ಸಣ್ಣದು ಮಾಡೋ ಆಯ್ಕೆ ಯಂತ್ರದಲ್ಲೇ ಇದೆಯಲ್ಲ, ಅದನ್ನ ಹಾಕಿದ್ರೆ ಆಯ್ತು.

ದಾಖಲೆಖಾನೆ

ಆ ಆಯ್ಕೆಯೇ ಜಮೀನು ಪತ್ರಕ್ಕೆ ಅಪಾಯದ್ದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವ ಕಂಪ್ಯೂಟರ್ ತಜ್ಞರು ಒಂದು ಕಟ್ಟಡ ನಕ್ಷೆಯ ಸ್ಕ್ಯಾನನ್ನು ಮೂಲದ ಜೊತೆ ಇಟ್ಟು ನೋಡಿದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್ ಅಂತ ಇತ್ತು. ಸ್ಕ್ಯಾನಿನಲ್ಲಿ ಮೂರೂ 14.13 ಆಗಿದ್ದವು. ಮಸುಕಿಲ್ಲ, ಅಕ್ಷರ ಸ್ಪಷ್ಟ, ಆದರೆ ಸಂಖ್ಯೆ ತಪ್ಪು. ಕಾರಣ ಫೈಲು ಕುಗ್ಗಿಸುವ ಜೆಬಿಐಜಿ2 ಅನ್ನುವ ವಿಧಾನ. ಅದು ಪುಟದಲ್ಲಿ ಒಂದೇ ಥರ ಕಾಣುವ ತುಣುಕುಗಳನ್ನು ಹುಡುಕಿ, ಒಂದನ್ನು ಮಾತ್ರ ಉಳಿಸಿಕೊಂಡು, ಉಳಿದ ಕಡೆಗಳಲ್ಲೆಲ್ಲ ಅದನ್ನೇ ಅಂಟಿಸುತ್ತದೆ. ಸಣ್ಣ ಅಕ್ಷರದ 6 ಮತ್ತು 8 ಅದರ ಕಣ್ಣಿಗೆ ಒಂದೇ ಆಗಬಹುದು.

ಸರ್ವೆ ನಂಬರ್ 86 ಇದ್ದದ್ದು 88 ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಸುಕಾಗಿದ್ದರೆ ಓದುವವರು ಮೂಲ ಕೇಳುತ್ತಾರೆ, ಸ್ಪಷ್ಟವಾಗಿದ್ದರೆ ಯಾರೂ ಕೇಳುವುದಿಲ್ಲ.

ನಿಮ್ಮ ಯಂತ್ರದ ಪಿಡಿಎಫ್ ಒಳಗೆ ಯಾವ ವಿಧಾನ ಇದೆ ಅಂತ ಪಾಪ್ಲರ್ ಅನ್ನುವ ಉಚಿತ ತಂತ್ರಾಂಶದಿಂದ ನೋಡಬಹುದು:

```
pdfimages -list patra.pdf
```

`enc` ಅನ್ನುವ ಕಾಲಂನಲ್ಲಿ `jpeg` ಅಥವಾ `ccitt` ಇದ್ದರೆ ಈ ಅದಲುಬದಲಿನ ಭಯವಿಲ್ಲ. `jbig2` ಇದ್ದರೆ ಆ ಫೈಲನ್ನು ಕೊಡಬೇಡಿ. ಜೆಬಿಐಜಿ2ನಲ್ಲೂ ಏನನ್ನೂ ಕಳೆಯದ ಬಗೆ ಇದೆ, ಆದರೆ ಅದು ಯಾವ ಬಗೆಯದು ಅಂತ ಈ ಕಾಲಂ ಹೇಳುವುದಿಲ್ಲ. ರಘು ಅವರ ಕಪ್ಪು-ಬಿಳುಪು ಫೈಲು `ccitt` ಆಗಿದ್ದರೆ ಅಂಕಿಯೇನೂ ಬದಲಾಗಿರುವುದಿಲ್ಲ, ಮೊಹರು ಹೋಗಿರುತ್ತದೆ ಅಷ್ಟೇ.

ಜಾಗದ ಲೆಕ್ಕ: ಎ4 ಹಾಳೆ 300 ಡಿಪಿಐ ಬಣ್ಣದಲ್ಲಿ ಕುಗ್ಗಿಸದ ಟಿಫ್ ಫೈಲಾಗಿ ಸುಮಾರು 26 ಎಂಬಿ. 30 ಹಾಳೆ ಎರಡೂ ಕಡೆ ಸೇರಿ ಸುಮಾರು ಒಂದೂವರೆ ಜಿಬಿ. ಈ ಕಾಲಕ್ಕೆ ಅದು ದೊಡ್ಡದಲ್ಲ. ಮೆಸೇಜಿನಲ್ಲಿ ಕಳಿಸಲು ಬೇರೆ ಜೆಪೆಗ್ ಪಿಡಿಎಫ್ ಮಾಡಿಕೊಡಿ.

ನಾಗರತ್ನ_ಎಂ

ನಮ್ಮ ಮಾವನವರ ಕಾಲದ ಕ್ರಯಪತ್ರದ ಒಂದು ಮೂಲೆ ಗೆದ್ದಲು ತಿಂದಿದೆ. ಅಲ್ಲಿ ಚೆಕ್ಕುಬಂದಿಯ ಎರಡು ಸಾಲು ಹೋಗಿವೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಆ ಸಾಲು ತುಂಬಿಸಿ, ಒಳ್ಳೆ ಕಾಗದದ ಮೇಲೆ ಪ್ರಿಂಟ್ ತೆಗೆದರೆ ಮೂಲದ ಹಾಗೆ ನಡೆಯುತ್ತದೆಯಾ? ಯಾರಾದರೂ ಮಾಡಿಕೊಡುತ್ತೀರಾ?

ದಾಖಲೆಖಾನೆ

ಅಮ್ಮಾ, ಇಲ್ಲಿ ನಡೆಯುತ್ತಿರುವ ಮಾತು ಬೇರೆ. ಆದರೂ ಕೇಳಿದ್ದು ಒಳ್ಳೆಯದಾಯಿತು, ಈ ಕೆಲಸ ಮಾಡುವವರೆಲ್ಲರಿಗೂ ಈ ಕೋರಿಕೆ ಬಂದೇ ಬರುತ್ತದೆ. ಹೋದ ಸಾಲನ್ನು ನಾವು ತುಂಬಿದರೆ ಅದು ತಿದ್ದಿದ ದಾಖಲೆ ಆಗುತ್ತದೆ. ಮಾಡಿದವರು, ಮಾಡಿಸಿದವರು ಇಬ್ಬರೂ ಸಿಕ್ಕಿಕೊಳ್ಳುತ್ತಾರೆ. ಪತ್ರ ನೋಂದಣಿಯಾಗಿದ್ದರೆ ಅದರ ನಕಲು ನೋಂದಣಿ ಕಚೇರಿಯ ಪುಸ್ತಕದಲ್ಲಿ ಇರುತ್ತದೆ. ಅಲ್ಲಿಂದ ದೃಢೀಕೃತ ಪ್ರತಿ ಕೇಳಿ. ನಿಮ್ಮ ಪತ್ರದ ಸ್ಕ್ಯಾನಿನಿಂದ ಆಗುವ ದೊಡ್ಡ ಉಪಯೋಗವೂ ಅದೇ. ನೋಂದಣಿ ಸಂಖ್ಯೆ, ವರ್ಷ, ಸಂಪುಟ, ಪುಟ ಸಾಮಾನ್ಯವಾಗಿ ಮೊಹರಿನ ಒಳಗೋ ಹಿಂಬದಿಯಲ್ಲೋ ಇರುತ್ತವೆ, ಹುಡುಕಲು ಅವೇ ಬೇಕಾಗುವುದು. ಆದ್ದರಿಂದ ಖಾಲಿ ಕಂಡರೂ ಪತ್ರದ ಬೆನ್ನನ್ನು ಬಿಡದೆ ಸ್ಕ್ಯಾನ್ ಮಾಡಿಸಿ.

ಇದೇ ಕಾರಣಕ್ಕೆ ಜಮೀನು ಪತ್ರದ ಮೂಲ ಸ್ಕ್ಯಾನಿನಲ್ಲಿ ಕಲೆ ತೆಗೆಯುವುದು, ಅಂಚು ಕತ್ತರಿಸುವುದು, ಬಿಳಿ ಮಾಡುವುದು ಒಂದೂ ಇಲ್ಲ. ನಾಲ್ಕೂ ಅಂಚಿನ ಆಚೆ ಒಂದಷ್ಟು ಹಿನ್ನೆಲೆ ಕಾಣಬೇಕು. ಓದಲು ಅನುಕೂಲ ಆಗುವಂತೆ ಮಾಡಿದ ಪ್ರತಿ ಬೇರೆ ಫೈಲು, ಬೇರೆ ಹೆಸರು.

ವೀಣಾ_ಆಲ್ಬಂ

ಆಲ್ಬಂ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಸಮಯ ತಿನ್ನುವುದೇ ಅದು.

ಒಂದೇ ಒಂದು ಫೋಟೋ ಕೀಳುವ ಮೊದಲು ಆಲ್ಬಂನ ಪ್ರತಿ ಪುಟವನ್ನೂ ಫೋನಿನಲ್ಲಿ ಪೂರ್ತಿ ತೆಗೆದಿಟ್ಟುಕೊಳ್ಳಿ. ಯಾವುದರ ಪಕ್ಕ ಯಾವುದಿತ್ತು ಅನ್ನುವುದರಿಂದಲೇ ಎಷ್ಟೋ ಮುಖಗಳ ಗುರುತು ಸಿಗುತ್ತದೆ, ವಾಪಸ್ ಇಡಲಿಕ್ಕೂ ಅದೇ ಆಧಾರ. ಆಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಮೂಲೆಯಿಂದ ನಿಧಾನವಾಗಿ, ಪುಟಕ್ಕೆ ಆದಷ್ಟೂ ಒರಗಿಸಿಕೊಂಡೇ ಎತ್ತಿ. ಹಾಳೆ ಚಿತ್ರಕ್ಕೇ ಅಂಟಿಕೊಂಡಿದ್ದರೆ ಅಲ್ಲಿಗೆ ನಿಲ್ಲಿಸಿ, ಪ್ಲಾಸ್ಟಿಕ್ ಮೇಲಿಂದಲೇ ಸ್ಕ್ಯಾನ್ ಮಾಡಿ.

ಹಾಳೆ ಎದ್ದರೆ ಫೋಟೋದ ಒಂದು ಮೂಲೆ ಎತ್ತಿ ನೋಡಿ. ಸಲೀಸಾಗಿ ಬಂದರೆ ಸರಿ. ಇಲ್ಲದಿದ್ದರೆ ಮೇಣ ಹಚ್ಚದ ಹಲ್ಲುದಾರವನ್ನು ಮೂಲೆಯ ಕೆಳಗೆ ತೂರಿಸಿ, ಎರಡೂ ತುದಿ ಹಿಡಿದು ಪುಟಕ್ಕೆ ತಾಗಿಸಿಕೊಂಡೇ ಗರಗಸದ ಹಾಗೆ ಆಚೆಈಚೆ ಎಳೆಯುತ್ತಾ ಹೋಗಿ. ದಾರ ಅಂಟನ್ನು ಕೊಯ್ಯಬೇಕು, ಫೋಟೋವನ್ನು ಎತ್ತಬಾರದು. ಎತ್ತಿದರೆ ಫೋಟೋ ಬಾಗಿ ಮೇಲಿನ ಪದರ ಬಿರಿಯುತ್ತದೆ, ಆ ಬಿರುಕು ಬಿಳಿ ಗೆರೆಯಾಗಿ ಶಾಶ್ವತ. ಹೇರ್‌ಡ್ರೈಯರ್ ಹಿಡಿಯಿರಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಬಿಸಿಗೆ ಅಂಟು ಮೆತ್ತಗಾಗುವುದು ನಿಜ, ಆದರೆ ಫೋಟೋದ ಮೇಲ್ಪದರವೂ ಜೆಲಾಟಿನ್, ಅದೂ ಮೆತ್ತಗಾಗುತ್ತದೆ. ನಾನಂತೂ ಗಿರಾಕಿಯ ಫೋಟೋಗೆ ಹಿಡಿಯುವುದಿಲ್ಲ.

ದಾರಕ್ಕೂ ಬಗ್ಗದಿದ್ದರೆ ಪೂರ್ತಿ ಪುಟವನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬೇರ್ಪಡಿಸಿ. ಬೆನ್ನಿನಲ್ಲಿ ಸ್ಕ್ರೂ ಇರುವ ಆಲ್ಬಂ ಆದರೆ ಸ್ಕ್ರೂ ಬಿಚ್ಚಿದರೆ ಪುಟಗಳು ಬಿಡಿಬಿಡಿಯಾಗಿ ಬರುತ್ತವೆ. ಬಿಡಿ ಫೋಟೋಗಳ ವಿಷಯದಲ್ಲಿ ಒಂದು ಲೆಕ್ಕ: 4×6 ಅಂಗುಲದ ನಾಲ್ಕು ಫೋಟೋ ಎ4 ಗಾಜಿನ ಮೇಲೆ ಹಿಡಿಯುವುದಿಲ್ಲ, ಉದ್ದದಲ್ಲಿ ಕೆಲವೇ ಮಿಲಿಮೀಟರ್ ಕಡಿಮೆ ಬೀಳುತ್ತದೆ. ಎರಡು ನೆಟ್ಟಗೆ, ಕೆಳಗೆ ಒಂದು ಅಡ್ಡ, ಒಟ್ಟು ಮೂರು. ಮೂರೂವರೆ×5ರ ಹಳೇ ಅಳತೆ ಆದರೆ ನಾಲ್ಕು ಕೂರುತ್ತವೆ. ಗಂಟೆಗೆ ಎಷ್ಟಾಗುತ್ತದೆ ಅಂತ ಹೇಳುವ ಮುಂಚೆ ಇದನ್ನು ನೋಡಿಕೊಳ್ಳಿ.

1200 ಡಿಪಿಐ ಬೇಡ. 4×6 ಫೋಟೋ 600ರಲ್ಲಿ 2400×3600 ಚುಕ್ಕೆ, ಟಿಫ್ ಆದರೆ 26 ಎಂಬಿ. ಸಾಮಾನ್ಯ ಪ್ರಿಂಟಿನಲ್ಲಿ ಅದಕ್ಕಿಂತ ಹೆಚ್ಚು ವಿವರವೇ ಇರುವುದಿಲ್ಲ. 1200ಕ್ಕೆ ಏರಿಸಿದರೆ ಫೈಲು ನಾಲ್ಕು ಪಟ್ಟು, ಹೆಚ್ಚಿಗೆ ಸಿಗುವುದು ಕಾಗದದ ತರಿ. ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಮಾತ್ರ 1200 ಇಡಿ, ಮನೆಯವರು ಗೋಡೆಗೆ ಹಾಕಲು ದೊಡ್ಡದು ಮಾಡಿಸುವುದು ಹೆಚ್ಚಾಗಿ ಅದನ್ನೇ.

ಮೇಲ್ಮೈ ಜೇನುಗೂಡಿನ ಹಾಗೆ ತರಿತರಿಯಾಗಿರುವ ಫೋಟೋಗಳಲ್ಲಿ ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬಿದ್ದು ಪ್ರತಿ ಗುಳಿಯೂ ಮಿನುಗುತ್ತದೆ. ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿ, ಎರಡನೆಯದನ್ನು ತಿರುಗಿಸಿ ಮೊದಲನೆಯದರ ಮೇಲೆ ಕೂರಿಸಿ, ಮೇಲಿನ ಪದರವನ್ನು ಅರ್ಧ ಪಾರದರ್ಶಕ ಮಾಡಿ. ಮಿನುಗು ಬಹುಪಾಲು ತಗ್ಗುತ್ತದೆ. ಎಲ್ಲಾ 140ಕ್ಕೂ ಇದನ್ನು ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಮನೆಯವರು ಆರಿಸಿದ ಹತ್ತಿಪ್ಪತ್ತಕ್ಕೆ ಸಾಕು.

ಪೆಟ್ಟಿಗೆಕೆಲಸ

ವೀಣಾ ಮೇಡಂ, ದಾಖಲೆಖಾನೆ ಸರ್, ತುಂಬಾ ಉಪಕಾರವಾಯಿತು. ನಾಣ್ಯ ಇಟ್ಟು ನೋಡಿದೆ, ಪಟ್ಟಿಯ ಗೆರೆಗಳು ಶುರುವಿನಲ್ಲೇ ಮಸುಕು. ಇನ್ನೊಂದು ತೊಡಕು: ಒಂದು ಪತ್ರದಲ್ಲಿ ನೇರಳೆ ಮೊಹರು ಸರಿಯಾಗಿ ಕೈಬರಹದ ಮೇಲೆಯೇ ಬಿದ್ದಿದೆ, ಕೆಳಗಿನ ಅಂಕಿ ಕಾಣುವುದಿಲ್ಲ.

ದಾಖಲೆಖಾನೆ

ಕೈಬರಹ ಕಪ್ಪು ಶಾಯಿಯದಾದರೆ ಉಪಾಯವಿದೆ. ಬಣ್ಣದ ಸ್ಕ್ಯಾನನ್ನು ಗಿಂಪ್ ಅನ್ನುವ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ನೀಲಿ ಚಾನೆಲ್ಲಿನಲ್ಲಿ ನೇರಳೆ ಮೊಹರು ತೆಳುವಾಗುತ್ತದೆ, ಕಪ್ಪು ಬರಹ ಕಪ್ಪಾಗಿಯೇ ನಿಲ್ಲುತ್ತದೆ. ಮೊಹರಿನ ಒಳಗಿನ ಅಕ್ಷರವೇ ಬೇಕಾದರೆ ಹಸಿರು ಚಾನೆಲ್, ಅದರಲ್ಲಿ ನೇರಳೆ ಗಾಢವಾಗುತ್ತದೆ. ಹಳದಿ ಕಲೆಯ ಕೆಳಗಿನ ಬರಹಕ್ಕೆ ಕೆಂಪು ಚಾನೆಲ್, ಅಲ್ಲಿ ಹಳದಿ ಬಿಳಿಯ ಹತ್ತಿರ ಬರುತ್ತದೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಅಂದದ್ದು ಇದಕ್ಕೂ ಹೌದು. ಬರಹವೂ ನೇರಳೆ ಶಾಯಿಯದೇ ಆಗಿದ್ದರೆ ಇದರಿಂದ ಬೇರ್ಪಡುವುದಿಲ್ಲ.

ಸರ್ವೆ_ಪ್ರಶಾಂತ್

ನಕ್ಷೆಯ ಬಗ್ಗೆ ಹೇಳುತ್ತೇನೆ. ಫೋನಿನ ಸ್ಕ್ಯಾನ್ ಆ್ಯಪಿನಲ್ಲಿ ತೆಗೆಯಬೇಡಿ. ಅದು ನಾಲ್ಕು ಮೂಲೆ ಹಿಡಿದು ಚಿತ್ರವನ್ನು ಎಳೆದು ಚೌಕ ಮಾಡುತ್ತದೆ. ನೋಡಲು ನೇರವಾಗಿದ್ದರೂ ಉದ್ದ-ಅಗಲದ ಅನುಪಾತ ಕೆಟ್ಟಿರಬಹುದು.

ಎ2 ನಕ್ಷೆಯನ್ನು ಎ4 ಗಾಜಿನ ಮೇಲೆ ತುಂಡುತುಂಡಾಗಿ ತೆಗೆಯುವುದಾದರೆ ಆರು ತುಂಡು, ಒಂದರ ಮೇಲೊಂದು ಬೀಳುವ ಭಾಗ ಒಂದು ದಿಕ್ಕಿನಲ್ಲಿ ಬಹಳ ಕಡಿಮೆ. ಜೊತೆಗೆ ಕಾಗದ ಸ್ಕ್ಯಾನರಿನ ಅಂಚಿನ ಮೇಲೆ ಬಾಗುತ್ತದೆ, ನಿಮ್ಮ ಸಿಐಎಸ್ ಯಂತ್ರಕ್ಕೆ ಅಲ್ಲೆಲ್ಲ ಮಸುಕು. 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಮೇಲೆ ನೇರವಾಗಿ ಕಟ್ಟಿ, ಎರಡು ಪಕ್ಕದಿಂದ 45 ಡಿಗ್ರಿಯಲ್ಲಿ ಒಂದೇ ಥರದ ದೀಪ ಇಟ್ಟು ಒಂದೇ ಚಿತ್ರ ತೆಗೆದರೆ ಸುಮಾರು 240 ಡಿಪಿಐ ಸಿಗುತ್ತದೆ. ನಕ್ಷೆಯ ಸಣ್ಣ ಅಂಕಿಗೆ ಅಷ್ಟು ಸಾಕು. ವೈಡ್ ಲೆನ್ಸ್ ಬೇಡ, 50 ಎಂಎಂ ಅಥವಾ ಅದಕ್ಕಿಂತ ಹೆಚ್ಚಿನದು, ಇಲ್ಲದಿದ್ದರೆ ಅಂಚಿನ ಗೆರೆಗಳು ಬಿಲ್ಲಾಗುತ್ತವೆ.

ಉಕ್ಕಿನ ಅಳತೆಪಟ್ಟಿಯೊಂದನ್ನು ನಕ್ಷೆಯ ಪಕ್ಕ, ಚಿತ್ರದೊಳಗೇ ಬರುವಂತೆ ಇಡಿ. ಆಮೇಲೆ ಮೂಲದ ನಾಲ್ಕೂ ಅಂಚು, ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆದು, ಚಿತ್ರದಲ್ಲಿ ಅವುಗಳ ಅನುಪಾತ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಕ್ಯಾಮೆರಾ ಓರೆಯಾಗಿದೆ. ಇಷ್ಟೆಲ್ಲ ಮಾಡಿದರೂ "ಅಳತೆಗೆ ಬಳಸುವಂತಿಲ್ಲ" ಅಂತ ಫೈಲಿನ ಹೆಸರಿನಲ್ಲೇ ಬರೆಯಿರಿ.

ರಘು_ಜೆರಾಕ್ಸ್

ಪ್ಲಾಟರ್ ಅಂಗಡಿಗಳಲ್ಲಿ ದೊಡ್ಡ ಸ್ಕ್ಯಾನರ್ ಇರುತ್ತಲ್ಲ, ನಕ್ಷೆ ಅಲ್ಲಿಗೆ ಒಯ್ದರೆ ಒಂದೇ ನಿಮಿಷ.

ಸರ್ವೆ_ಪ್ರಶಾಂತ್

ಅದೂ ರೋಲರಿನದೇ ರಘು ಅವರೇ. ಗಟ್ಟಿ ಕಾಗದವಾದರೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯೊಳಗಿಟ್ಟು ಕೊಡಬಹುದು, ಪಕ್ಕದಲ್ಲಿ ನಿಂತಿರಬೇಕು, ಅವರ ಕಂಪ್ಯೂಟರಿನಿಂದ ಫೈಲು ಅಳಿಸಿಸಿಕೊಂಡು ಬರಬೇಕು. ಬಟ್ಟೆ ಅಂಟಿಸಿದ ಹಳೇ ನಕ್ಷೆ ಆಗಿದ್ದರೆ ಕೊಡಲೇಬೇಡಿ.

ವೀಣಾ_ಆಲ್ಬಂ

ದರದ ಪ್ರಶ್ನೆ ಉಳಿಯಿತು. ಪುಟಕ್ಕೆ ಒಂದೇ ದರ ಹೇಳಿದರೆ ಈ ಪೆಟ್ಟಿಗೆಯಲ್ಲಿ ಸೋಲುತ್ತೀರಿ. ಬಿಡಿ ಫೋಟೋ ಒಂದು ಪಾಲು ಅಂದುಕೊಂಡರೆ, ದಾರ ಹಾಕಿ ಬಿಡಿಸುವ ಫೋಟೋ ಮೂರು ಪಾಲು, ಮಡಿಕೆಯ ಪತ್ರ ಎರಡೂ ಕಡೆ ಸೇರಿ ನಾಲ್ಕು ಪಾಲು, ನಕ್ಷೆ ಬೇರೆಯೇ. ಮೊದಲು ಆಲ್ಬಂನ ಎರಡು ಪುಟ ಮಾಡಿ ನೋಡಿ, ಆಮೇಲೆ ದರ ಹೇಳಿ.

ಪೆಟ್ಟಿಗೆ ಕೈಗೆ ಬರುವ ಮುಂಚೆ ಮನೆಯವರ ಎದುರಿಗೇ ಎಣಿಸಿ ಪಟ್ಟಿ ಬರೆಯಿರಿ: ಎಷ್ಟು ಹಾಳೆ, ಯಾವುದು ಆಗಲೇ ಹರಿದಿದೆ, ಯಾವ ಪತ್ರದಲ್ಲಿ ಪುಟ ಇಲ್ಲ. ಇಬ್ಬರ ಸಹಿ. ಮೂಲದ ಮೇಲೆ ನಂಬರು ಬರೆಯಬೇಡಿ, ಲಕೋಟೆಯ ಮೇಲೆ ಬರೆಯಿರಿ. ಸಾಧ್ಯವಿದ್ದರೆ ಜಮೀನು ಪತ್ರಗಳನ್ನು ಅವರ ಮನೆಯಲ್ಲೇ ಕೂತು ಸ್ಕ್ಯಾನ್ ಮಾಡಿ, ನಿಮ್ಮಲ್ಲಿಗೆ ತರುವುದೇ ಬೇಡ. ಫೋನಿನಲ್ಲಿ ಪುಟ ತೆಗೆಯುವಾಗ ಗ್ಯಾಲರಿ ತಾನಾಗಿ ಕ್ಲೌಡಿಗೆ ಏರಿಸುವುದನ್ನು ನಿಲ್ಲಿಸಿರಿ.

ಇನ್ನೊಂದು ದೂರು ಎಲ್ಲರಿಗೂ ಬರುತ್ತದೆ: "ಎಲ್ಲಾ ಫೋಟೋ ಇವತ್ತಿನ ತಾರೀಖಿನಲ್ಲಿ ಬರುತ್ತಿವೆ." ಗ್ಯಾಲರಿ ಓದುವುದು ಸ್ಕ್ಯಾನ್ ಮಾಡಿದ ದಿನವನ್ನು. ಮನೆಯವರು ಹೇಳಿದ ವರ್ಷವನ್ನು ಎಕ್ಸಿಫ್‌ಟೂಲ್ ಅನ್ನುವ ತಂತ್ರಾಂಶದಿಂದ ಸೇರಿಸಬಹುದು:

```
exiftool "-DateTimeOriginal=1974:01:01 00:00:00" 012_a.jpg
```

`_a` ಮುಂಬದಿ, `_b` ಹಿಂಬದಿ. ತಿಂಗಳು ಗೊತ್ತಿಲ್ಲದ ಫೋಟೋಗಳಿಗೆಲ್ಲ ಜನವರಿ 1 ಅಂತ ಹಾಕಿದ್ದೇವೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ, ಇಲ್ಲದಿದ್ದರೆ ನಾಳೆ ಅದನ್ನೇ ನಿಜವಾದ ತಾರೀಖು ಅಂದುಕೊಳ್ಳುತ್ತಾರೆ.

ಅಂದಹಾಗೆ ಫೋಟೋಗೆ ಟಿಫ್ ಕೊಡುವುದು ನನಗೆ ಒಪ್ಪಿಗೆಯಿಲ್ಲ. 95ರ ಗುಣಮಟ್ಟದ ಜೆಪೆಗ್ ಮನೆಯವರಿಗೆ ಸಾಕು, ಟಿಫ್ ಅವರ ಫೋನಿನಲ್ಲಿ ತೆರೆಯುವುದೇ ಕಷ್ಟ.

ದಾಖಲೆಖಾನೆ

ನಾನು ಎರಡನ್ನೂ ಕೊಡುತ್ತೇನೆ. ಜೆಪೆಗ್ಗನ್ನು ತಿದ್ದಿ ಉಳಿಸಿದಷ್ಟು ಸಲವೂ ಒಂದಿಷ್ಟು ಕಳೆಯುತ್ತದೆ. ಮನೆಯಲ್ಲಿ ಯಾರೋ ಒಬ್ಬರು ತಿದ್ದಿಯೇ ತಿದ್ದುತ್ತಾರೆ.

ವೀಣಾ_ಆಲ್ಬಂ

ತಿದ್ದುವವರು ಟಿಫ್ ಫೋಲ್ಡರನ್ನು ತೆರೆದು ನೋಡಿದ್ದು ನಾನಂತೂ ಕಾಣೆ.

ಪೆಟ್ಟಿಗೆಕೆಲಸ

ಸದ್ಯ ಪತ್ರಗಳಿಗೆ ಎರಡೂ, ಫೋಟೋಗೆ ಜೆಪೆಗ್ ಅಂತ ಇಟ್ಟುಕೊಳ್ಳುತ್ತೇನೆ. ಒಂದು ಸಿಸಿಡಿ ಯಂತ್ರ ಬಾಡಿಗೆಗೆ ಸಿಗುವ ಹಾಗಿದೆ. ಅದೂ ಎ4 ಗಾಜೇ. 14 ಅಂಗುಲದ ಕ್ರಯಪತ್ರವನ್ನು ಮೇಲರ್ಧ, ಕೆಳಅರ್ಧ ಅಂತ ತೆಗೆದು ಜೋಡಿಸಿ ಕೊಡಬಹುದಾ? ಅಥವಾ ಜೋಡಿಸುವುದೂ ತಿದ್ದಿದ ಹಾಗೆಯೇ?

ದಾಖಲೆಖಾನೆ

ಎರಡು ಅರ್ಧಗಳನ್ನೂ ಹಾಗೇ ಕೊಡಿ, ಜೋಡಿಸಿದ್ದು ಮೂರನೆಯ ಫೈಲಾಗಿರಲಿ. ಜೋಡಣೆಯ ಗೆರೆ ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಹಾದುಹೋಗಬೇಕು, ಅಂಕಿಯ ಮೇಲೆ ಅಲ್ಲ.

ಸರ್ವೆ_ಪ್ರಶಾಂತ್

ಜೋಡಿಸುವುದೇ ಬೇಡ ಅನ್ನುವವನು ನಾನು. ತಂತ್ರಾಂಶ ಎರಡು ತುಂಡು ಹೊಂದಿಸಲು ಒಂದನ್ನು ಚೂರು ಎಳೆಯುತ್ತದೆ, ಕೆಲವೊಮ್ಮೆ ಒಂದು ಸಾಲನ್ನೇ ನುಂಗುತ್ತದೆ. ನಕ್ಷೆಗೆ ಹೇಗೂ ಕ್ಯಾಮೆರಾ ಕಟ್ಟುತ್ತೀರಿ, ಉದ್ದದ ಪತ್ರಗಳನ್ನೂ ಅದರ ಕೆಳಗೇ ತೆಗೆಯಿರಿ. ಚೌಕಟ್ಟು ತುಂಬುವಂತೆ ಇಟ್ಟರೆ 14 ಅಂಗುಲಕ್ಕೆ 300 ಡಿಪಿಐ ದಾಟುತ್ತದೆ.

ಪೆಟ್ಟಿಗೆಕೆಲಸ

ಹಾಗಾದರೆ ಪತ್ರಗಳಲ್ಲಿ ಸರಿಗೆ ಪೋಣಿಸಿ ಮೊಹರು ಹಾಕಿರುವ ಒಂದು ಕಟ್ಟೂ ಇದೆ, ಅದಕ್ಕೆ ಏನು ಮಾಡಲಿ? ಮಧ್ಯದ ಪುಟಗಳು ಅರ್ಧವಷ್ಟೇ ತೆರೆಯುತ್ತವೆ.

ದಾಖಲೆಖಾನೆ

ಸರಿಗೆ ಬಿಚ್ಚಬೇಡಿ. ಎಷ್ಟು ತೆರೆಯುತ್ತದೋ ಅಷ್ಟೇ ತೆರೆದು, ಕೆಳಗೆ ಮಡಿಸಿದ ಬಟ್ಟೆಯ ಆಸರೆ ಕೊಟ್ಟು, ಕ್ಯಾಮೆರಾವನ್ನು ಆ ಪುಟದ ಇಳಿಜಾರಿಗೆ ಸರಿಯಾಗಿ ಓರೆ ಮಾಡಿ ತೆಗೆಯಿರಿ. ಸರಿಗೆಯ ಹತ್ತಿರದ ಒಂದೆರಡು ಅಕ್ಷರ ಸಿಗದಿದ್ದರೆ ಯಾವ ಪುಟ, ಯಾವ ಸಾಲು ಅಂತ ಪಟ್ಟಿಯಲ್ಲಿ ಬರೆದುಕೊಡಿ.